ಮೂರೇ ಬಣ್ಣ, ಹಿಂದೆ ಏನೂ ಬೇಡ

ಅಸ್ಲಮನಿಗೆ ಮಾತಾಡಲು ಯಾರೂ ಇರಲಿಲ್ಲ.

ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ತಾಯಿ ಶಾಹಜಾದಬಿ ತೀರಿಕೊಂಡ ಮೇಲೆ ಕುಷ್ಟಗಿಯ ಮನೆಯಲ್ಲಿ ಅಣ್ಣನ ಸಂಸಾರ ತುಂಬಿಕೊಂಡಿತು. ಅಣ್ಣನ ಜೊತೆ ಜಗಳ ಆಗಿರಲಿಲ್ಲ, ಫೋನು ಮಾಡುವುದು ನಿಂತಿತ್ತು ಅಷ್ಟೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಹಿಂದೆ ಅವನದೊಂದು ಬಾಡಿಗೆ ಕೋಣೆ. ಕಿಟಕಿ ತೆರೆದರೆ ಹೊಟ್ಟಿನ ಬೂದಿ ಹಾರಿ ಬಂದು ಹಾಸಿಗೆಯ ಮೇಲೆ ಕೂರುತ್ತಿತ್ತು. ಅದಕ್ಕೆ ಅವನು ತೆರೆಯುತ್ತಿರಲಿಲ್ಲ. ಮೂವತ್ತೆರಡು ವಯಸ್ಸು. ಎರಡು ಕಡೆ ಹೆಣ್ಣು ನೋಡಿದ್ದರು, ಎರಡೂ ಕಡೆಯವರು ಆಮೇಲೆ ಹೇಳುತ್ತೇವೆ ಅಂದು ಸುಮ್ಮನಾಗಿದ್ದರು.

ಕೆಲಸ ಮಕ್ಬುಲಸಾಬರ ಅಂಗಡಿಯಲ್ಲಿ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಕೆಳಗೆ ಪ್ರಿಂಟಿಂಗು, ಮೇಲೆ ಡಿಸೈನು. ಕೆಳಗೆ ಮಕ್ಬುಲಸಾಬರು ಟೀ ಶರ್ಟಿನ ಮೇಲೆ ಚಿತ್ರ ಹೊಡೆಯುತ್ತಿದ್ದರು. ಮೇಲೆ ಅಸ್ಲಮ ಒಂದು ಕಂಪ್ಯೂಟರಿನ ಎದುರು ಕೂತು ಆ ಚಿತ್ರ ಮಾಡಿಕೊಡುತ್ತಿದ್ದ. ಮೊದಲು ಮೇಲಿನ ಕೋಣೆಯಲ್ಲಿ ಗಿರಾಕಿಗಳ ಗದ್ದಲ ಇರುತ್ತಿತ್ತು. ಕ್ರಿಕೆಟ್ ಹುಡುಗರು, ಗಣಪತಿ ಕೂಡಿಸುವವರು, ಉರುಸಿನ ಕಮಿಟಿಯವರು ಅವನ ಹೆಗಲ ಮೇಲೆ ಬಗ್ಗಿ ‘ಅಣ್ಣಾ, ಹುಲಿ ಬಾಯಿ ಇನ್ನಷ್ಟು ತೆಗಿ’ ಅನ್ನುತ್ತಿದ್ದರು. ಈಗ ಎಲ್ಲ ವಾಟ್ಸಾಪಿನಲ್ಲಿ ಬರುತ್ತಿತ್ತು. ‘ಹುಲಿ. ಕೆಂಪು ಟೀ ಶರ್ಟ್. 15 ಪೀಸ್.’ ಅವನು ಚಿತ್ರ ಕಳಿಸಿದರೆ ಒಂದು ಹೆಬ್ಬೆರಳಿನ ಗುರುತು ಬರುತ್ತಿತ್ತು. ಅಲ್ಲಿಗೆ ಮುಗಿಯಿತು. ಮಕ್ಬುಲಸಾಬರು ಒಳ್ಳೆಯ ಮನುಷ್ಯರೇ. ಆದರೆ ಎಡಗಿವಿ ಕೇಳಿಸುತ್ತಿರಲಿಲ್ಲ, ಬಲಗಿವಿಗೆ ಸದಾ ಕ್ರಿಕೆಟ್ ಕಾಮೆಂಟರಿ ಇರುತ್ತಿತ್ತು.

ಆನೆಗೊಂದಿಯ ಹುಲಗಮ್ಮ ಮೆಟ್ಟಿಲು ಹತ್ತಿ ಬಂದಾಗ ಅಸ್ಲಮ ಮೊದಲು ಇವಳು ದಾರಿ ತಪ್ಪಿ ಬಂದಿದ್ದಾಳೆ ಅಂದುಕೊಂಡ. ಐವತ್ತು ದಾಟಿದ ಹೆಂಗಸು, ಬಗಲಲ್ಲಿ ಒಂದು ಚೀಲ, ಹಣೆಯ ಮೇಲೆ ಬೆವರು.

"ಅಂಗಿ ಮ್ಯಾಲ ಚಿತ್ರ ಹೊಡಿಯಾವ ನೀನ ಏನಪಾ?"

"ಹೊಡಿಯೋರು ಕೆಳಗ ಅದಾರ್ರಿ ಅಮ್ಮಾರ. ನಾ ಚಿತ್ರ ತಯಾರ ಮಾಡಾಂವ."

"ಅಂದ್ರ ಬರಿಯಾಂವ."

"ಬರಿಯಾಕ ನನಗ ಬರಂಗಿಲ್ರಿ. ನಾ ಹೇಳ್ತೀನಿ, ಇದು ಬರಿತೈತಿ." ಅವನು ಕಂಪ್ಯೂಟರ್ ತೋರಿಸಿದ.

ಹುಲಗಮ್ಮ ಕಂಪ್ಯೂಟರನ್ನೂ ಅವನನ್ನೂ ನೋಡಿದಳು. "ಹೇಳಿದ್ರ ಬರಿತೈತಿ? ನಮ್ಮ ಸಂಘದಾಗ ನನ್ನ ಬಿಟ್ಟು ಇಪ್ಪತ್ತೊಂದು ಮಂದಿ ಅದಾರ, ಹೇಳಿದ್ರ ಒಬ್ಬಾಕಿನೂ ಎದ್ದು ನೀರು ಕೊಡಂಗಿಲ್ಲ."

ಅಸ್ಲಮ ನಕ್ಕ. ಗಂಟಲಿನಿಂದ ಬಂದ ಸದ್ದು ಅವನಿಗೇ ಹೊಸದಾಗಿ ಕೇಳಿಸಿತು.

ಅವಳಿಗೆ ಬೇಕಾದದ್ದು ಇಷ್ಟು. ಅವಳ ಸಂಘದವರು ಬಾಳೆ ದಿಂಡಿನ ಪಟ್ಟೆ ಸೀಳಿ ಒಣಗಿಸಿ, ನಾರು ತೆಗೆದು, ಜಡೆ ಹೆಣೆದು ಚೀಲ ಬುಟ್ಟಿ ಮಾಡುತ್ತಿದ್ದರು. ಮುಂದಿನ ತಿಂಗಳು ಕೊಪ್ಪಳದಲ್ಲಿ ಸಂಘಗಳ ವಸ್ತುಪ್ರದರ್ಶನ ಇತ್ತು. ಹೋದ ವರ್ಷ ಬೇರೆ ಸಂಘದವರೆಲ್ಲ ಸೀರೆಯ ಮೇಲೆ ಒಂದೇ ನಮೂನೆಯ ಟೀ ಶರ್ಟು ಹಾಕಿಕೊಂಡು ನಿಂತಿದ್ದರು. ಇವರ ಮಳಿಗೆಗೆ ಬಂದವರು ‘ಅಂಗಡಿಯವರು ಎಲ್ಲಿ?’ ಎಂದು ಇವರನ್ನೇ ಕೇಳಿದ್ದರು. ಈ ಸಲ ಟೀ ಶರ್ಟು ಬೇಕೇ ಬೇಕು ಎಂದು ಹುಲಗಮ್ಮ ಸಂಘದಲ್ಲಿ ಹಟ ಹಿಡಿದಿದ್ದಳು.

"ನಮ್ಮ ಸಂಘದ ಹೊಳಿಯಮ್ಮ ಅಂತಾಳ, ಮೊಮ್ಮಕ್ಕಳ ಕಂಡಾಕಿ ನಾ, ಟೀ ಶರ್ಟ ಹಾಕ್ಕೊಂಡು ಕಬಡ್ಡಿ ಆಡ್ಲೇನು? ನಾ ಅಂದೆ, ಆಡು, ಮೊದಲ ಹಾಕ್ಕೊ. ಎಲ್ಲಾರೂ ನನಗ ಬೈಕೋತ ಒಪ್ಪ್ಯಾರ. ಛಲೋ ಆಗಲಿಲ್ಲಂದ್ರ ನನ್ನ ಮಾತಿಗೆ ಮುಂದ ಕಿಮ್ಮತ್ತಿಲ್ಲ ನೋಡು."

ಟೀ ಶರ್ಟಿನ ಬಣ್ಣ ಆಗಲೇ ನಿಗದಿಯಾಗಿತ್ತು: ಗಿಳಿ ಹಸಿರು. ಚಿತ್ರ ಅವನು ಮಾಡಬೇಕು.

ಅಸ್ಲಮ ಟೈಪು ಮಾಡಿದ. ‘ಟೀ ಶರ್ಟಿಗೆ ಚಿತ್ರ. ಬಾಳೆ ಕೆಲಸ ಮಾಡುವ ಹೆಂಗಸರ ಸಂಘ. ಗೆರೆ ಸ್ವಚ್ಛವಾಗಿ ದಪ್ಪ ಇರಲಿ. ಮೂರೇ ಬಣ್ಣ. ಹಿಂದೆ ಏನೂ ಬೇಡ, ಖಾಲಿ ಇರಲಿ.’

"ಇದು ಏನು ಬರದಿ?"

"ಇದಕ್ಕ ಪ್ರಾಂಪ್ಟು ಅಂತಾರ್ರಿ. ಹೆಂಗ ಬೇಕು ಅಂತ ಇದಕ್ಕ ಹೇಳೋದು."

"ಮೂರ ಬಣ್ಣ ಯಾಕ? ಜಿಪುಣತನ ಯಾಕ?"

ಅವನು ಕೆಳಗಿನಿಂದ ಒಂದು ಫ್ರೇಮು ತಂದು ತೋರಿಸಿದ. ಮರದ ಚೌಕಟ್ಟಿಗೆ ಬಿಗಿದ ಸಣ್ಣ ಜಾಳಿಗೆಯ ಬಟ್ಟೆ. ಒಂದು ಬಣ್ಣಕ್ಕೆ ಒಂದು ಫ್ರೇಮು. ಚಿತ್ರದಲ್ಲಿ ಆ ಬಣ್ಣ ಎಲ್ಲಿದೆಯೋ ಅಲ್ಲಿ ಮಾತ್ರ ಜಾಳಿಗೆ ತೆರೆದಿರುತ್ತದೆ, ಇಂಕು ಅಲ್ಲಿಂದ ಇಳಿದು ಬಟ್ಟೆಗೆ ಹತ್ತುತ್ತದೆ. ಮೂರು ಬಣ್ಣಕ್ಕೆ ಮೂರು ಫ್ರೇಮು, ಒಂದರ ಮೇಲೊಂದು ಕೂದಲೆಳೆಯೂ ಸರಿಯದಂತೆ ಕೂರಬೇಕು. ಒಂದು ಬಣ್ಣ ಇನ್ನೊಂದರಲ್ಲಿ ಕರಗಿದ ಹಾಗೆ, ನೆರಳು ಬಿದ್ದ ಹಾಗೆ ಇದ್ದರೆ ಮಕ್ಬುಲಸಾಬರ ಕೈಯಲ್ಲಿ ಆಗುವುದಿಲ್ಲ. ಹಿಂದೆ ಗಿಡ, ಗುಡ್ಡ, ಮೋಡ ಬಂದರೆ ಚಿತ್ರವನ್ನು ಅದರಿಂದ ಕತ್ತರಿಸಿ ತೆಗೆಯುವುದು ದೊಡ್ಡ ತಲೆನೋವು. ಇಷ್ಟನ್ನೂ ಅವನು ಬಿಡಿಸಿ ಹೇಳಿದ. ಹೇಳುತ್ತಾ ಹೇಳುತ್ತಾ ತಾನು ಎಷ್ಟೋ ದಿನದ ಮೇಲೆ ಇಷ್ಟು ಉದ್ದ ಮಾತಾಡುತ್ತಿದ್ದೇನೆ ಅನ್ನಿಸಿತು. ಹುಲಗಮ್ಮ ಬೆರಳಿನಿಂದ ಜಾಳಿಗೆ ಮುಟ್ಟಿ ಮುಟ್ಟಿ ಕೇಳಿದಳು.

ಅಷ್ಟರಲ್ಲಿ ಚಿತ್ರ ಬಂತು. ಒಂದು ಚಿಪ್ಪು ಹಳದಿ ಬಾಳೆಹಣ್ಣು. ಹಣ್ಣಿಗೆ ಕಣ್ಣು, ಬಾಯಿ. ನಗುತ್ತಿತ್ತು.

"ಯವ್ವಾ!" ಹುಲಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ನಾವೇನು ಹಣ್ಣ ಮಾರೋರೇನೋ? ಇದಕ್ಕ ದಿಂಡು ಅಂದ್ರ ಗೊತ್ತಿಲ್ಲೇನು?"

"ಕಂಡಿಲ್ರಿ ಅದು."

"ಹಂಗಾರ ಅದಕ್ಕೂ ಒಂದು ಸಲ ಹೊಳಿ ದಂಡಿಗೆ ಕರಕೊಂಡು ಬಾ."

ಅವತ್ತು ಅವಳು ಬಸ್ಸಿನ ಹೊತ್ತು ಆಗುವ ತನಕ ಕೂತಳು. ಅಸ್ಲಮ ಮತ್ತೆರಡು ಸಲ ಟೈಪು ಮಾಡಿದ. ಒಮ್ಮೆ ಹಣ್ಣಿಗೆ ಸೀರೆ ಬಂತು. ಇನ್ನೊಮ್ಮೆ ಎಲ್ಲೋ ಸಮುದ್ರದ ದಂಡೆಯ ತೆಂಗಿನ ಮರ ಬಂತು. ಚೀಲದಿಂದ ಸಜ್ಜೆ ರೊಟ್ಟಿ ಪುಂಡಿಪಲ್ಯ ತೆಗೆದು ಅರ್ಧ ಅವನ ಮುಂದೆ ಇಟ್ಟಳು. ‘ತಿನ್ನು, ಇದು ನಿನ್ನ ಮಷೀನು ಮಾಡಿದ್ದಲ್ಲ’ ಅಂದಳು. ಗುರುವಾರ ಸಂತೆಗೆ ಬರುತ್ತೇನೆ, ಅಷ್ಟರಲ್ಲಿ ಸರಿ ಮಾಡು ಎಂದು ಹೇಳಿ ಇಳಿದು ಹೋದಳು. ಅವಳು ಕೂತಿದ್ದ ಕುರ್ಚಿ ಗೋಡೆಯ ಕಡೆ ಸರಿದದ್ದು ಹಾಗೇ ಇತ್ತು.

ಅವಳು ಹೋದ ಮೇಲೆ ಅಸ್ಲಮ ಕೂತು ಸರಿಯಾಗಿ ಯೋಚಿಸಿ ಬರೆದ. ‘ಬಾಳೆ’ ಎಂಬ ಮಾತು ಇದ್ದರೆ ಮಷೀನು ಹಣ್ಣಿನ ಹಿಂದೆ ಓಡುತ್ತದೆ. ಅದನ್ನು ತೆಗೆದ. ‘ಎರಡು ಕೈ ಮಾತ್ರ. ಕಂದು ಬಣ್ಣದ ಕೈ. ಕೈಯಲ್ಲಿ ಬಿಳಿ ನಾರಿನ ದಪ್ಪ ಜಡೆ, ಅರ್ಧ ಹೆಣೆದದ್ದು, ತುದಿಯಲ್ಲಿ ಬಿಡಿ ಎಳೆಗಳು. ಕಪ್ಪು ಗೆರೆ, ಸ್ವಚ್ಛವಾಗಿ, ಎಲ್ಲ ಕಡೆ ಒಂದೇ ದಪ್ಪ. ಕಪ್ಪು, ಕಂದು, ಬಿಳಿ, ಮೂರೇ ಬಣ್ಣ, ಮಟ್ಟಸವಾಗಿ ತುಂಬಿರಲಿ. ನೆರಳು ಬೇಡ, ಹೊಳಪು ಬೇಡ, ಅಕ್ಷರ ಬೇಡ. ಹಿಂದೆ ಪೂರ್ತಿ ಗುಲಾಬಿ, ಬೇರೇನೂ ಬೇಡ.’

ಹಿಂದೆ ಗುಲಾಬಿ ಯಾಕೆ ಎಂಬುದು ಅವನ ಸ್ವಂತ ಉಪಾಯ. ನಾರು ಬಿಳಿ. ಹಿಂದೆಯೂ ಬಿಳಿ ಇದ್ದರೆ ಹಿಂದಿನದನ್ನು ತೆಗೆಯುವಾಗ ನಾರೂ ಅದರ ಜೊತೆ ಹೋಗುತ್ತದೆ. ಚಿತ್ರದಲ್ಲಿ ಎಲ್ಲೂ ಇಲ್ಲದ ಬಣ್ಣ ಹಿಂದೆ ಇದ್ದರೆ ಅದೊಂದನ್ನೇ ಎತ್ತಿ ಎಸೆಯಬಹುದು. ಹೀಗೆ ಅವನು ಮಾಡಿದ ಕೆಲಸ ಒಂದೂ ಕೆಟ್ಟಿರಲಿಲ್ಲ.

ಚಿತ್ರ ಬಂತು. ಎರಡು ಕೈ, ನಡುವೆ ಬಿಳಿ ಜಡೆ. ಗೆರೆ ಚಾಕುವಿನಿಂದ ಕೊರೆದಂತಿತ್ತು. ಹೆಬ್ಬೆರಳು ಎಳೆಯನ್ನು ಒತ್ತಿ ಹಿಡಿದ ರೀತಿ ನೋಡಿದರೆ ಯಾರೋ ಕೆಲಸ ಬಲ್ಲವರನ್ನು ಎದುರು ಕೂಡಿಸಿಕೊಂಡು ಬರೆದಂತಿತ್ತು. ಇನ್ನು ಮಾಡುವುದು ಏನೂ ಉಳಿದಿರಲಿಲ್ಲ. ಕೆಳಗೆ ಕೊಟ್ಟರೆ ಎರಡು ದಿನದಲ್ಲಿ ಪ್ರಿಂಟು. ಗುರುವಾರ ಅವಳು ಬರುವುದು, ನೋಡುವುದು, ‘ಛಲೋ ಆಗೇತಿ’ ಅನ್ನುವುದು, ಹೋಗುವುದು.

ಅಸ್ಲಮ ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಳಿಸಿದ. ಮಷೀನಿನ ಜೊತೆಗಿನ ಆ ಮಾತುಕತೆಯನ್ನೇ, ಪ್ರಾಂಪ್ಟಿನ ಸಮೇತ, ಪೂರ್ತಿ ಅಳಿಸಿದ. ಇಟ್ಟುಕೊಂಡರೆ ತೋರಿಸಿಬಿಡುತ್ತೇನೆ ಅನ್ನುವ ಭಯ.

ಗುರುವಾರ ಅವಳು ಬಂದಳು. ಅವನು ಮತ್ತೆ ‘ಬಾಳೆ’ ಎಂದೇ ಬರೆದ. ಸೋಮವಾರವೂ ಬಂದಳು, ಸೋಮವಾರ ಅವಳಿಗೆ ಬ್ಯಾಂಕಿನ ಕೆಲಸ ಇರುತ್ತಿತ್ತು. ಹೀಗೆ ವಾರಕ್ಕೆ ಎರಡು ದಿನ ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು. ಅವನು ಪ್ರಾಂಪ್ಟಿನಲ್ಲಿ ಪ್ರತಿ ಸಲ ಒಂದು ಮಾತು ಬಿಡುತ್ತಿದ್ದ. ‘ನೆರಳು ಬೇಡ’ ಎಂಬುದನ್ನು ಬಿಟ್ಟರೆ ಕೈಗಳು ಎಣ್ಣೆ ಹಚ್ಚಿದಂತೆ ಹೊಳೆದು ಬರುತ್ತಿದ್ದವು. ‘ಎರಡು ಕೈ ಮಾತ್ರ’ ಎಂಬುದನ್ನು ಬಿಟ್ಟರೆ ಪೂರ್ತಿ ಹೆಂಗಸು ಬರುತ್ತಿದ್ದಳು, ಅವಳ ಹಿಂದೆ ಯಾವುದೋ ಮಹಲು. ಒಮ್ಮೆ ಕೈಗೆ ಆರು ಬೆರಳು ಬಂದವು. ಅದು ಅವನು ಬೇಕೆಂದು ಮಾಡಿದ್ದಲ್ಲ.

ಹುಲಗಮ್ಮ ಎಣಿಸಿ ನೋಡಿ ಗಂಭೀರವಾಗಿ ಹೇಳಿದಳು. "ಇದು ನಮ್ಮ ಕಸ್ತೂರೆಮ್ಮನ ಕೈ. ಆಕಿಗೂ ಆರು ಅದಾವ. ಇದಕ್ಕ ಯಾರು ಹೇಳಿದ್ರೋ?"

"ನಾ ಹೇಳಿಲ್ರಿ."

"ಆಕಿಗೆ ತೋರಿಸಿದ್ರ ಕುಣೀತಾಳ. ಉಳದೋರು ನನ್ನ ಬಿಡಂಗಿಲ್ಲ. ಐದು ಮಾಡು ಮಾರಾಯ."

ಅವಳು ಮಾತಾಡುತ್ತಿದ್ದಳು. ಹೊಳೆಯ ನೀರು ಏರಿದ್ದು, ಬಾಳೆ ತೋಟದ ಮಾಲೀಕ ದಿಂಡಿಗೂ ಬೆಲೆ ಕಟ್ಟಲು ಶುರು ಮಾಡಿದ್ದು, ಮಗಳು ಯಲಬುರ್ಗಿಗೆ ಹೋಗಿ ಫೋನಿನಲ್ಲಿ ಅತ್ತೆಯ ಚಾಡಿ ಹೇಳುವುದು, ಗಂಡ ಬದುಕಿದ್ದಾಗ ಮಾತೇ ಆಡದೆ ಇದ್ದದ್ದು. "ಮಾತಾಡ್ತಿರಲಿಲ್ಲ ಅಂದ್ರ ಸಿಟ್ಟಲ್ಲ ಮತ್ತ. ಆವಂಗ ಆಡೂ ಮಾತ ಇರಲಿಲ್ಲ. ಎತ್ತಿನ ಕೂಡ ಮಾತ್ರ ಆಡ್ತಿದ್ದ." ಅಸ್ಲಮನಿಗೆ ಯಾಕೋ ಆ ಗಂಡ ಅರ್ಥವಾದ. ಅವಳು ಅವನ ಬಗ್ಗೆ ಕೇಳಿದಳು. ಅವನು ತಾಯಿಯ ಬಗ್ಗೆ ಹೇಳಿದ. ಜಾಸ್ತಿ ಹೇಳಲಿಲ್ಲ. ಹೇಳುವುದಕ್ಕೆ ಅಭ್ಯಾಸ ತಪ್ಪಿತ್ತು.

ಒಂದು ಸಲ ಹೋಗುವಾಗ ಅವಳು ಮೆಟ್ಟಿಲ ಮೇಲೆ ನಿಂತು ಕೇಳಿದಳು. "ಅಲ್ಲೋ ತಮ್ಮಾ, ಇದು ಖರೇವಂದ್ರೂ ಇಷ್ಟು ಕಷ್ಟ ಐತೇನು? ನಾ ಬಂದಾಗೆಲ್ಲ ನಾರು ಬಿಡಿಸೋದು ನಿಲ್ತೈತಿ. ನನ್ನ ಪಾಲಿಂದು ಉಳದೋರು ಮಾಡಾಕತ್ತ್ಯಾರ. ಬೈತಾರ."

ಆಗ ಹೇಳಬಹುದಿತ್ತು.

"ಕಷ್ಟ ಐತ್ರಿ" ಅಂದ. "ಕೈ ಬರಿಯೋದು ಇದಕ್ಕ ಭಾಳ ಕಷ್ಟ."

ಮಕ್ಬುಲಸಾಬರು ಒಂದು ದಿನ ಕಿವಿಯಿಂದ ಕಾಮೆಂಟರಿ ತೆಗೆದು ಮೇಲೆ ಬಂದರು. "ಅರೇ ಅಸ್ಲಮ, ಆ ಅಮ್ಮಾಂದು ಇನ್ನೂ ಆಗಿಲ್ಲೇನು? ಎರಡು ಕೈ, ಒಂದು ಹಗ್ಗ. ಇಂಥಾವು ನೀ ಚಾ ಆರೋದ್ರಾಗ ಮಾಡ್ತಿದ್ದಿ. ಫ್ರೇಮು ಮಾಡಾಕ ಶುಕ್ರವಾರ ಬೆಳಿಗ್ಗಿ ಫಿಲ್ಮು ನನ್ನ ಕೈಯಾಗ ಇರಬೇಕು ನೋಡು."

"ಆಗ್ತೈತ್ರಿ ಚಾಚಾ."

ಪ್ರದರ್ಶನದ ವಾರ ಬಂತು. ಸೋಮವಾರ ಹುಲಗಮ್ಮ ಬಂದಾಗ ಕೂರಲಿಲ್ಲ. ಭಾನುವಾರ ಕೊಪ್ಪಳಕ್ಕೆ ಹೋಗಬೇಕು, ಮಾಲು ಕಟ್ಟುವುದು ಬಾಕಿ, ಗುರುವಾರ ಬರಲಾಗುವುದಿಲ್ಲ ಅಂದಳು. "ಶನಿವಾರ ಸಂಜೀಕ ಬಂದು ಅಂಗಿ ಒಯ್ತೀನಿ. ಚಿತ್ರ ನೀನ ಆರಿಸು. ಇಷ್ಟು ದಿನ ನಂದು ಕೇಳಿ ಕೇಳಿ ನಿನಗ ಎಲ್ಲಾ ಗೊತ್ತಾಗೇತಿ. ನನಗ ನಿನ್ನ ಮ್ಯಾಲ ಭರೋಸ ಐತಿ." ಚೀಲದಿಂದ ನಾರಿನ ಒಂದು ಸಣ್ಣ ಜಡೆ ತೆಗೆದು ಮೇಜಿನ ಮೇಲೆ ಇಟ್ಟಳು. "ಇದನ್ನ ನೋಡಿ ಮಾಡು." ಹೋದಳು.

ಅಸ್ಲಮ ಮಂಗಳವಾರ ಮಾಡಲಿಲ್ಲ, ಬುಧವಾರ ಮಾಡಲಿಲ್ಲ. ಹೆದರಿಕೆಯೇನೂ ಇರಲಿಲ್ಲ, ಒಮ್ಮೆ ಬಂದಿದೆ, ಮತ್ತೆ ಬರುತ್ತದೆ ಅಂದುಕೊಂಡಿದ್ದ. ಗುರುವಾರ ಕಾರಟಗಿಯ ಕಬಡ್ಡಿ ಟೀಮಿನವರ ಅರ್ಜೆಂಟ್ ಕೆಲಸ ಬಂತು, ಅವರಿಗೆ ಹದ್ದು ಬೇಕಿತ್ತು. ಹದ್ದು ಬರೆಸಿ ಬರೆಸಿ ಸಂಜೆಯಾಯಿತು. ಪುಕ್ಕಟೆ ಬಳಸುವವರಿಗೆ ಮಷೀನು ದಿನಕ್ಕೆ ಇಷ್ಟೇ ಚಿತ್ರ ಎಂದು ಮಿತಿ ಹಾಕಿತ್ತು. ಅವನಿಗೆ ಅವತ್ತು ಎರಡು ಉಳಿದಿದ್ದವು.

ಹಳೆಯ ಪ್ರಾಂಪ್ಟು ಅಳಿಸಿ ಹೋಗಿತ್ತು. ನೆನಪಿನಿಂದ ಬರೆದ. ಮಾತು ಹೆಚ್ಚು ಕಡಿಮೆ ಅವೇ, ಆದರೆ ಬಂದ ಚಿತ್ರ ಬೇರೆ. ಅದೇ ಮಾತು ಹೇಳಿದರೂ ಮಷೀನು ಅದೇ ಚಿತ್ರ ಎರಡನೇ ಸಲ ಬರೆಯುವುದಿಲ್ಲ. ಇದು ಅವನಿಗೆ ಗೊತ್ತಿದ್ದದ್ದೇ. ಈ ಸಲ ಕೈ ಗಂಡಸಿನದು, ಬೆರಳು ಕಬ್ಬಿಣದ ಸಲಾಕೆಯಂತೆ. ಒಂದು ಉಳಿಯಿತು. ಅವನು ಹೆಂಗಸಿನ ಕೈ, ಬಳೆ, ಬೆರಳು ಐದು, ಎಳೆಗಳು ಹೇಗಿರಬೇಕು ಎಂದು ಕೈಯ ಮೇಲೇ ಲಕ್ಷ್ಯವಿಟ್ಟು ಬರೆದ. ಗೆರೆ ಸ್ವಚ್ಛ, ಬಣ್ಣ ಮೂರು, ಬರೆದ. ಹಿಂದೆ ಖಾಲಿ, ಬೇರೇನೂ ಬೇಡ, ಬರೆದ. ಹಿಂದೆ ಯಾವ ಬಣ್ಣ ಇರಬೇಕು ಎಂಬುದನ್ನು ಬರೆಯಲಿಲ್ಲ. ಇಷ್ಟು ವಾರ ಬೇಕೆಂದೇ ಒಂದು ಮಾತು ಬಿಟ್ಟು ಬಿಟ್ಟು ಕೈಗೆ ಅದೇ ರೂಢಿಯಾಗಿತ್ತೋ ಏನೋ.

ಚಿತ್ರ ಚಂದ ಬಂತು. ಮೊದಲನೆಯದರಷ್ಟಲ್ಲ, ಆದರೂ ಚಂದ. ಹೇಳದೆ ಬಿಟ್ಟಿದ್ದಕ್ಕೆ ಹಿಂದೆ ಬಿಳಿ ಬಂದಿತ್ತು.

ಮಷೀನು ಕೊಡುವುದು ಬರೀ ಫೋಟೋದಂಥ ಚಿತ್ರ. ಅದನ್ನು ಇನ್ನೊಂದು ಸಾಫ್ಟ್‌ವೇರಿಗೆ ಹಾಕಿ ಗೆರೆಗೆರೆಯಾಗಿ ಮಾಡಿಕೊಂಡು, ಹಿಂದಿನ ಬಣ್ಣ ತೆಗೆದು, ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಫಿಲ್ಮು, ಅಂದರೆ ಫ್ರೇಮು ಮಾಡುವ ಪಾರದರ್ಶಕ ಹಾಳೆ, ತೆಗೆಯಬೇಕು. ಅಸ್ಲಮ ಹಿಂದಿನ ಬಿಳಿಯನ್ನು ತೆಗೆದ. ಎರಡು ಕೈಗಳ ಸಂದಿಯಲ್ಲಿ, ಬಳೆಗಳ ನಡುವೆ ಬಿಳಿ ಚೂರುಗಳು ಉಳಿದವು. ಒಂದೊಂದನ್ನೇ ಹುಡುಕಿ ತೆಗೆಯಬೇಕಿತ್ತು. ಅಥವಾ ‘ಈ ಬಣ್ಣವನ್ನು ಇಡೀ ಚಿತ್ರದಿಂದ ತೆಗೆ’ ಎಂಬಲ್ಲಿ ಒಂದು ಗುರುತು ಹಾಕಿದರೆ ಒಮ್ಮೆಗೇ ಹೋಗುತ್ತಿತ್ತು. ಗುಲಾಬಿ ಇದ್ದಾಗಲೆಲ್ಲ ಅವನು ಹಾಗೇ ಮಾಡುತ್ತಿದ್ದ. ಈಗಲೂ ಹಾಗೇ ಮಾಡಿದ.

ಜಡೆಯೊಳಗಿನ ಬಿಳಿ ಹೋಯಿತು. ಕಂಪ್ಯೂಟರಿನ ಮೇಲೆ ಏನೂ ಗೊತ್ತಾಗಲಿಲ್ಲ. ಅಲ್ಲಿನ ಹಾಳೆಯೇ ಬಿಳಿ. ಬಿಳಿ ಇದ್ದ ಜಾಗದಲ್ಲಿ ಹಾಳೆಯ ಬಿಳಿ ಕಾಣುತ್ತಿತ್ತು. ಹಸಿರು ಬಣ್ಣವನ್ನು ಹಿಂದೆ ಹಾಕಿ ಒಮ್ಮೆ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ. ಕೆಳಗೆ ‘ಬಾಳೆ ನಾರು, ಆನೆಗೊಂದಿ’ ಎಂದು ಬಿಳಿ ಅಕ್ಷರ ಕೂಡಿಸಿದ. ಬಿಳಿಯ ಫಿಲ್ಮಿನಲ್ಲಿ ಆ ಅಕ್ಷರಗಳಾದರೂ ಇದ್ದುದರಿಂದ ಫಿಲ್ಮು ಖಾಲಿ ಬಂದಿತೆಂಬ ಅನುಮಾನವೂ ಬರಲಿಲ್ಲ. ಸುತ್ತಿ ಕೆಳಗೆ ಇಟ್ಟು ಕೋಣೆಗೆ ಹೋದ.

ಶುಕ್ರವಾರ ನಮಾಜು ಮುಗಿಸಿ ಮಕ್ಬುಲಸಾಬರು ಪ್ರಿಂಟಿಗೆ ನಿಂತರು. ಮೊದಲ ಪೀಸನ್ನು ಅಸ್ಲಮನಿಗೆ ತೋರಿಸಿಯೇ ಮುಂದಿನದು ಹೊಡೆಯುವುದು ಅಂಗಡಿಯ ಪದ್ಧತಿ. ಅವರು ಮೇಲೆ ಮುಖ ಮಾಡಿ ಕೂಗಿದರು. ಅಸ್ಲಮ ಇರಲಿಲ್ಲ. ಮಸೀದಿಯಿಂದ ನೇರ ಪೇಟೆಗೆ ಹೋಗಿದ್ದ. ಮೇಲಿನ ಕೋಣೆಯಲ್ಲಿ ಒಂದೇ ಫ್ಯಾನು, ಅದರ ಗಾಳಿ ಕಂಪ್ಯೂಟರಿಗೆ. ಹುಲಗಮ್ಮ ಸೆರಗಿನಿಂದ ಬೀಸಿಕೊಳ್ಳುತ್ತಿದ್ದಳು. ಗೋಡೆಯ ಕಡೆಯ ಕುರ್ಚಿಗೆ ಒಂದು ಸಣ್ಣ ಫ್ಯಾನು ಇಡಬೇಕೆಂದು ಅವನು ಅಂಗಡಿ ಅಂಗಡಿ ನೋಡುತ್ತಿದ್ದ. ಪ್ರದರ್ಶನ ಮುಗಿದರೂ ಚೀಲಗಳ ಮೇಲೆ ಚೀಟಿ ಬೇಕಾಗುತ್ತದೆ, ಅದಕ್ಕೂ ಚಿತ್ರ ಬೇಕು, ಅದಕ್ಕೂ ಅವಳು ಬರಬೇಕು ಎಂದು ಲೆಕ್ಕ ಹಾಕಿದ್ದ.

ಮಕ್ಬುಲಸಾಬರು ಸ್ವಲ್ಪ ಕಾದರು. ಬೇರೆ ಕೆಲಸವೂ ಇತ್ತು. ಇಪ್ಪತ್ತೆರಡೂ ಹೊಡೆದು ಒಣಗಿಸಿ ಮಡಚಿ ಇಟ್ಟರು.

ಶನಿವಾರ ಸಂಜೆ ಹುಲಗಮ್ಮ ಬಂದಳು. ಜೊತೆಗೆ ಸಂಘದ ರೇಣುಕಾ ಇದ್ದಳು, ಕಾಲೇಜು ಓದಿ ಮನೆಯಲ್ಲಿದ್ದ ಹುಡುಗಿ, ಸಂಘದ ಫೋನು ಹಿಡಿಯುವವಳು. ಅಸ್ಲಮ ಮೇಲಿನಿಂದ ಇಳಿದು ಬಂದ. ‘ಮ್ಯಾಲ ಬರ್ರಿ, ಫ್ಯಾನು ತಂದೀನಿ’ ಅನ್ನಬೇಕೆಂದಿದ್ದ. ಅಷ್ಟರಲ್ಲಿ ಮಕ್ಬುಲಸಾಬರು ಒಂದು ಟೀ ಶರ್ಟು ಬಿಡಿಸಿ ಮೇಜಿನ ಮೇಲೆ ಹರವಿದ್ದರು.

ಹಸಿರು ಬಟ್ಟೆಯ ಮೇಲೆ ಎರಡು ಕಂದು ಕೈ. ಕೈಯಲ್ಲಿ ಬಿಳಿ ನಾರು ಇರಲಿಲ್ಲ. ಕಪ್ಪು ಗೆರೆ ಮಾತ್ರ ಉಳಿದಿತ್ತು, ಗೆರೆಯೊಳಗೆ ಬಟ್ಟೆಯ ಹಸಿರು. ಜಡೆಯ ಹೆಣಿಗೆ ಹುರುಪೆ ಹುರುಪೆಯಾಗಿ ಕಾಣುತ್ತಿತ್ತು. ತುದಿಯ ಬಿಡಿ ಎಳೆಗಳು ಸೀಳಿದ ನಾಲಗೆಯಂತಿದ್ದವು.

ರೇಣುಕಾ ಮೊದಲು ಹೇಳಿದಳು. "ಹಾವ ಹಿಡದಾಳಲ್ಲ ಅತ್ತಿ."

"ನಾನೂ ಹಂಗ ಅನ್ಕೊಂಡೆ ನೋಡವಾ" ಅಂದರು ಮಕ್ಬುಲಸಾಬರು ಯಾವ ಕಪಟವೂ ಇಲ್ಲದೆ. "ಹೊಳಿ ದಂಡಿ ಊರು, ಹಾವು ಹಿಡಿಯೋ ಹೆಣಮಕ್ಕಳು ಇರಬೇಕು ಅಂತ."

ಹುಲಗಮ್ಮ ಮೊದಲು ನಕ್ಕಳು. ಇನ್ನೊಂದನ್ನು ಬಿಡಿಸಿದಳು. ಅದರಲ್ಲೂ ಹಾವು. ಮೂರನೆಯದು. ಆಮೇಲೆ ಬಿಡಿಸಲಿಲ್ಲ.

ಅಸ್ಲಮ ತಡವರಿಸಿ ಹೇಳಿದ. ಬಿಳಿ ಬಿಟ್ಟುಹೋಗಿದೆ, ನಾಳೆ ಬೆಳಿಗ್ಗೆ ಒಳಗೆ ಇನ್ನೊಂದು ಫ್ರೇಮು ಮಾಡಿ ಮೇಲಿಂದ ಬಿಳಿ ತುಂಬುತ್ತೇವೆ ಎಂದ.

"ಆಗಂಗಿಲ್ಲ" ಅಂದರು ಮಕ್ಬುಲಸಾಬರು. "ಹಲಿಗಿ ಮ್ಯಾಲಿಂದ ಒಮ್ಮೆ ತೆಗದ ಬಟ್ಟಿ ಮತ್ತ ಅದ ಜಾಗಾಕ್ಕ ಕೂಡಂಗಿಲ್ಲ. ಬಿಳಿ ಒಂದು ಕಡೆ, ಗೆರಿ ಒಂದು ಕಡೆ ಆಗ್ತೈತಿ. ನಿನಗ ಗೊತ್ತಿಲ್ಲೇನು? ಅಲ್ಲೋ, ಈ ಕೆಲಸಾ ಇಷ್ಟು ದಿನ ಯಾಕ ಇಟ್ಕೊಂಡಿ ನೀನು? ಇಂಥಾವು ದಿನಕ್ಕ ನಾಕು ಮಾಡಿ ಒಗಿತಿದ್ದಿ. ಮೊದಲ ಕೊಟ್ಟಿದ್ರ ಇದು ಕೆಟ್ಟರೂ ಇನ್ನೊಂದು ಹೊಡಿತಿದ್ವಿ."

ಹುಲಗಮ್ಮ ತಲೆ ಎತ್ತಿದಳು. "ದಿನಕ್ಕ ನಾಕು?"

"ಮತ್ತೇನ್ರಿ ಅಮ್ಮಾ."

ಅವಳು ಅಸ್ಲಮನನ್ನು ನೋಡಿದಳು. ಅವನು ಟೀ ಶರ್ಟು ನೋಡಿದ.

"ನನಗ ಕಷ್ಟ ಐತಿ ಅಂದಿ."

ಅವನು ಟೀ ಶರ್ಟಿನ ತೋಳು ಎಳೆದು ನೇರ ಮಾಡಿದ.

"ಕೇಳಾಕತ್ತೀನಿ ನಿನ್ನ. ಮಾಡಾಕ ಬರ್ತಿತ್ತೋ ಇಲ್ಲೋ?"

"ಬರ್ತಿತ್ರಿ." ಆಮೇಲೆ ಕೇಳದಿದ್ದದ್ದನ್ನೂ ಹೇಳಿದ. "ಮೊದಲನೇ ದಿನಾನ ಬಂದಿತ್ತು. ಅಳಿಸಿದೆ."

"ಯಾಕ?"

"ಮಾತಾಡಾಕ ಯಾರೂ ಇರಲಿಲ್ರಿ."

ಮಕ್ಬುಲಸಾಬರು ಬಲಗಿವಿಯ ಮೇಲೆ ಕೈ ಇಟ್ಟು ‘ಏನು?’ ಅಂದರು. ರೇಣುಕಾ ಬೀದಿಯ ಕಡೆ ತಿರುಗಿದಳು.

ಹುಲಗಮ್ಮ ಬಿಡಿಸಿದ್ದ ಮೂರನ್ನೂ ಒಂದೊಂದಾಗಿ ಮಡಚಿದಳು. ಮಡಿಕೆ ಸರಿಯಾಗಿ ಕೂಡುವಂತೆ ಅಂಗೈಯಿಂದ ಒತ್ತಿದಳು. ಅವಳ ಮುಖದಲ್ಲಿ ಕರುಣೆ ಇರಲಿಲ್ಲ. ಇರಬೇಕು ಎಂದು ಅಸ್ಲಮ ನಿರೀಕ್ಷಿಸಿದ್ದು ಅವನಿಗೆ ಆಮೇಲೆ ನಾಚಿಕೆಯ ವಿಷಯವಾಯಿತು.

"ಮಾತಾಡು ಅಂದಿದ್ರ ಮಾತಾಡ್ತಿದ್ದೆ" ಅಂದಳು. "ನನಗೇನು ಮಾತಿಗೆ ಬರ ಬಂದಿತ್ತೇನು? ಅದನ್ನ ಬಿಟ್ಟು ಇಪ್ಪತ್ತೆರಡು ಮಂದಿ ಅಂಗಿ ಕೆಡಿಸಿದಿ. ನಾಳೆ ಹೊಳಿಯಮ್ಮನ ಮುಂದ ನಿಲ್ಲಾಕಿ ನಾನು, ನೀನಲ್ಲ. ನನ್ನ ದಿನಾ ತಿಂದಿ, ನನ್ನ ಪಾಲಿನ ಕೆಲಸಾ ಮಂದಿ ಕೈಲೆ ಮಾಡಿಸಿದಿ. ಮ್ಯಾಲ ನಾ ನಿನಗ ರೊಟ್ಟಿ ತಂದು ಕೊಡ್ತಿದ್ದೆ."

"ಅಮ್ಮಾರ..."

"ಬ್ಯಾಡ. ಇನ್ನ ಬಸ್ಸ ತಪ್ಪತೈತಿ."

ಟೀ ಶರ್ಟು ಅಲ್ಲೇ ಬಿಟ್ಟು ಹೋದರು. ಮಕ್ಬುಲಸಾಬರು ಮುಂಗಡ ತಿರುಗಿ ಕೊಡಲು ಹೋದರೆ ರೇಣುಕಾ ಇಸಿದುಕೊಂಡಳು, ಹುಲಗಮ್ಮ ಆಗಲೇ ರಸ್ತೆ ದಾಟಿದ್ದಳು.

ಭಾನುವಾರ ಅಂಗಡಿಗೆ ರಜೆ. ಅಸ್ಲಮ ಕೊಪ್ಪಳದ ಬಸ್ಸು ಹತ್ತಿದ. ಪ್ರದರ್ಶನದ ಮೈದಾನದಲ್ಲಿ ದೂರ ನಿಂತು ನೋಡಿದ. ಎರಡೂ ಕಡೆಯ ಮಳಿಗೆಗಳಲ್ಲಿ ಹಳದಿ, ನೀಲಿ ಟೀ ಶರ್ಟುಗಳ ಗುಂಪು. ನಡುವೆ ಬಾಳೆ ನಾರಿನ ಮಳಿಗೆಯಲ್ಲಿ ಬೇರೆ ಬೇರೆ ಸೀರೆಯ ಹೆಂಗಸರು. ಹುಲಗಮ್ಮ ಹಿಂದೆ ಮೂಲೆಯಲ್ಲಿ ಕೂತು ಜಡೆ ಹೆಣೆಯುತ್ತಿದ್ದಳು. ಮುಂದೆ ನಿಂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದವಳು ಬೇರೊಬ್ಬಳು, ದನಿ ಜೋರು. ಹುಲಗಮ್ಮ ಏನೋ ಹೇಳಲು ಬಾಯಿ ತೆಗೆದಾಗ ಆ ಹೆಂಗಸು ತಿರುಗದೆ ಕೈ ಮಾಡಿ ತಡೆದಳು. ಅದು ಹೊಳಿಯಮ್ಮ ಇರಬೇಕು. ಅಸ್ಲಮ ಹತ್ತಿರ ಹೋಗಲಿಲ್ಲ.

ಸೋಮವಾರ ಅಂಗಡಿಯಲ್ಲಿ ಮಕ್ಬುಲಸಾಬರು ಮೂರು ಫ್ರೇಮುಗಳ ಜಾಳಿಗೆಯನ್ನು ಔಷಧಿ ಹಾಕಿ ತೊಳೆದರು. ಕೈಗಳು ಕರಗಿ ಮೋರಿಗೆ ಹೋದವು. ಮೇಲೆ ವಾಟ್ಸಾಪಿನಲ್ಲಿ ಎರಡು ಆರ್ಡರು ಬಂದಿದ್ದವು. ಅಸ್ಲಮ ಕೂತು ಟೈಪು ಮಾಡಿದ. ‘ಟೀ ಶರ್ಟಿಗೆ ಚಿತ್ರ. ಸಿಂಹದ ಮುಖ. ಗೆರೆ ಸ್ವಚ್ಛ. ಎರಡೇ ಬಣ್ಣ. ಹಿಂದೆ ಪೂರ್ತಿ ಗುಲಾಬಿ, ಬೇರೇನೂ ಬೇಡ.’ ಮೊದಲ ಸಲಕ್ಕೇ ಸರಿ ಬಂತು. ಕಳಿಸಿದ. ಹೆಬ್ಬೆರಳಿನ ಗುರುತು ಬಂತು.

ಗುರುವಾರ ಯಾರೂ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಚೀಲದ ಚೀಟಿಯ ಕೆಲಸ ಬೇರೆ ಅಂಗಡಿಗೆ ಹೋಯಿತೆಂದು ಆಮೇಲೆ ಗೊತ್ತಾಯಿತು.

ಹೋದದ್ದು ಇಷ್ಟು: ಇಪ್ಪತ್ತೆರಡು ಟೀ ಶರ್ಟು, ಮೂರು ಫ್ರೇಮಿನ ಕೆಲಸ, ಒಂದು ಒಳ್ಳೆಯ ಚಿತ್ರ, ಸಂಘದಲ್ಲಿ ಒಬ್ಬಳ ಮಾತಿನ ಕಿಮ್ಮತ್ತು, ಒಬ್ಬ ಗಿರಾಕಿ.